ಯಾವಾಗ ಬಂದ್ರೂ ಸಿಗ್ತಾರೆ

ಮೇಲಿನ ಮನೆಯ ಓರಗಿತ್ತಿ ಅಳುತ್ತಾ ಮೆಟ್ಟಿಲಿಳಿದು ಬಂದಾಗ, ಹಿರಿಯ ಸೊಸೆ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

“ಅಕ್ಕಾ, ಬೆಕ್ಕು ಕಾಣಿಸ್ತಿಲ್ಲ, ನಮ್ಮ ಮಸಿ. ನೆನ್ನೆಯಿಂದ. ಗ್ರೂಪಿಗೆ ನೀವೇ ಒಂದು ಬರೆದುಹಾಕಿ. ನಾನು ಬರೆದ್ರೆ ಏನೇನೋ ಆಗ್ತದೆ.”

ಏನೇನೋ ಆಗಿತ್ತು, ನಿಜ. ಹೋದ ವರ್ಷ ಹಿರಿಯವಳ ಪರ್ಸು ಕಳೆದಾಗ ಓರಗಿತ್ತಿ ಕೇಳದೆಯೇ ಬೀದಿಯ ಗ್ರೂಪಿನಲ್ಲಿ ಬರೆದಿದ್ದಳು: ‘ನಮ್ಮಕ್ಕನ ಪರ್ಸ್ ಕಳೆದಿದೆ, ಮನೆ ಕೀಲಿ ಅದರಲ್ಲೇ ಇದೆ. ಹಸಿರು ಗೇಟು, ಕೆಳಗಿನ ಮನೆ. ಭಾವಂದು ರಾತ್ರಿ ಪಾಳಿ, ಅಕ್ಕ ಒಬ್ರೇ ಇರ್ತಾರೆ, ಯಾವಾಗ ಬಂದ್ರೂ ಸಿಗ್ತಾರೆ.’ ಕೆಳಗೆ ಹಿರಿಯವಳ ಫೋನ್ ನಂಬರು.

ಪರ್ಸು ಬರಲಿಲ್ಲ. ಫೋನು ಬಂತು. ಗುರುತಿಲ್ಲದ ಗಂಡಸರ ದನಿ, ಹಿಂದೆ ಇನ್ನಾರದೋ ನಗು: “ಯಾವಾಗ ಬಂದ್ರೂ ಸಿಗ್ತೀರಂತೆ?” ಬೀಗ ಬದಲಾಯಿಸಬೇಕಾಯಿತು, ನಂಬರು ಬದಲಾಯಿಸಬೇಕಾಯಿತು. ಗಂಡ ಮಾತ್ರ, “ನಿನ್ನ ವಿಷಯವೇ ಯಾಕೆ ಬೀದಿಗೆ ಬರ್ತದೆ?” ಎಂದು ಕೇಳಿದ. ಓರಗಿತ್ತಿ “ಒಳ್ಳೇದು ಮಾಡೋಕೆ ಹೋದ್ರೆ ಹಿಂಗೇ” ಎಂದು ಮುಖ ಊದಿಸಿಕೊಂಡಿದ್ದಳು. ಗ್ರೂಪಿನ ಆ ಕೊನೇ ಸಾಲು ಹಿರಿಯವಳ ಎದೆಯಲ್ಲಿ ಮುರಿದ ಸೂಜಿಯ ತುಂಡಿನಂತೆ ಉಳಿದುಬಿಟ್ಟಿತ್ತು.

“ಬರೀತೀನಿ, ಹೋಗು. ಒಂದು ಫೋಟೊ ಕಳಿಸು.”

ಅವಳು ಹೋದಳು. ಹಿರಿಯವಳು ಬರೆದಳು: ‘ಹಸಿರು ಗೇಟು, ಮೇಲಿನ ಮನೆ. ಯಜಮಾನರು ಊರಲ್ಲಿಲ್ಲ. ಹಿಂದಿನ ಬಾಗಿಲ ಚಿಲಕ ಕೆಟ್ಟಿದೆ. ಯಾವಾಗ ಬಂದ್ರೂ ಸಿಗ್ತಾರೆ.’ ಎಷ್ಟು ಸುಲಭ! ಬೆರಳು ಕಳಿಸುವ ಗುರುತಿನ ಮೇಲೆ ನಿಂತಿತು. ಕೈ ತಡೆದದ್ದು ದಯೆಯಲ್ಲ. ಮೇಲಿನ ಮನೆಗೆ ನುಗ್ಗುವವನು ಇದೇ ಗೇಟು ದಾಟಬೇಕು. ಅಲ್ಲದೆ, ಏನಾದರೂ ಆದರೆ ಬೀದಿಯೆಲ್ಲ ಓರಗಿತ್ತಿಯ ಮೇಲೆ ಅಯ್ಯೋ ಎನ್ನುತ್ತದೆ. ಅವಳಿಗೆ ಅಯ್ಯೋ ಸಿಗುವುದು ಇವಳಿಗೆ ಬೇಕಿರಲಿಲ್ಲ.

ಅಳಿಸಿದಳು. ಫೋಟೊದಲ್ಲಿ ಬೆಕ್ಕು ಗೇಟಿನ ಮೇಲೆ ಕೂತಿತ್ತು, ಪಕ್ಕದಲ್ಲೇ ಮನೆ ನಂಬರು. ಗೇಟನ್ನೂ ನಂಬರನ್ನೂ ಕತ್ತರಿಸಿ ಬೆಕ್ಕನ್ನಷ್ಟೇ ಉಳಿಸಿದಳು. ಮತ್ತೆ ಬರೆದಳು:

‘ಹೆಣ್ಣು ಬೆಕ್ಕು ಕಾಣೆಯಾಗಿದೆ. ಪೂರ್ತಿ ಕಪ್ಪು, ಹಸಿರು ಕಣ್ಣು, ಸಣ್ಣ ಮೈ. ಮಸಿ ಎಂದರೆ ಓಗೊಡುತ್ತದೆ. ನೆನ್ನೆ ಸಂಜೆ ಹಿಟ್ಟಿನ ಗಿರಣಿಯ ಸುತ್ತ ಕಂಡಿತ್ತು. ಅಟ್ಟಿಸಿಕೊಂಡು ಹೋಗಬೇಡಿ, ಹೆದರುತ್ತದೆ. ಕಂಡವರು ಫೋಟೊ ತೆಗೆದು ನನಗೊಬ್ಬಳಿಗೇ ಮೆಸೇಜ್ ಮಾಡಿ. ಮೈಮೇಲಿನ ಒಂದು ಗುರುತನ್ನು ಬೇಕೆಂದೇ ಬರೆದಿಲ್ಲ. ಅದನ್ನು ಹೇಳಿದವರಿಗೆ ಮಾತ್ರ ಬೆಕ್ಕು ಕೊಡಿ.’

ಕಳಿಸಿದ ಮೇಲೆ ಓರಗಿತ್ತಿಯನ್ನು ಕೂಗಿ ಕೇಳಿದಳು: “ಆ ಗುರುತು ಏನು ಗೊತ್ತಲ್ಲ ನಿಂಗೆ?”

“ಅಯ್ಯೋ, ನಾನು ಸಾಕಿದ ಬೆಕ್ಕು, ನಂಗೆ ಗೊತ್ತಿರಲ್ವಾ?”

ಹಿರಿಯವಳು ತುಟಿಯೊಳಗೇ ನಕ್ಕಳು. ಊಟ ಮೇಲಿನ ಮನೆಯಲ್ಲಿ ಹಾಕುತ್ತಿದ್ದರೂ ಮಸಿ ಹಗಲೆಲ್ಲ ಮಲಗುತ್ತಿದ್ದದ್ದು ಇವಳ ತುಂಡುಬಟ್ಟೆಗಳ ರಾಶಿಯ ಮೇಲೆ, ಕಾಲು ಮೇಲೆ ಮಾಡಿಕೊಂಡು.

ಮಧ್ಯಾಹ್ನ ಗಿರಣಿಯಮ್ಮನ ಮೆಸೇಜು ಬಂತು. ಜೊತೆಗೆ ಮೂಟೆಗಳ ನಡುವೆ ಮುದುಡಿ ಕೂತ ಮಸಿಯ ಫೋಟೊ. ಇಬ್ಬರೂ ಹೋದರು. ಗಿರಣಿ ಗುಡುಗುತ್ತಿತ್ತು, ಡಬ್ಬ ಹಿಡಿದ ಹೆಂಗಸರ ಸಾಲು ನಿಂತಿತ್ತು. ಗಿರಣಿಯಮ್ಮ ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚಿಟ್ಟುಕೊಂಡು ಕೂಗಿದಳು:

“ಆಗ್ಲೇ ಇನ್ನಿಬ್ರು ನಂದೇ ಅಂತ ಬಂದು ಹೋದ್ರು. ಗುರುತು ಹೇಳಿ, ತಗೊಂಡು ಹೋಗಿ!”

ಓರಗಿತ್ತಿ ಮುಂದೆ ನುಗ್ಗಿದಳು. “ಕಪ್ಪು... ಬಾಲ ಉದ್ದ...”

“ಬಾಲ ಇಲ್ಲದ ಬೆಕ್ಕು ಎಲ್ಲಿದೆ ತಾಯಿ?”

ಸಾಲಿನಲ್ಲಿ ನಗು. ಓರಗಿತ್ತಿ ಕೆಂಪಾದಳು. “ಅಕ್ಕಾ, ಹೇಳಿ.”

ಹಿರಿಯವಳು ಸೆರಗಿನ ಮೇಲೆ ಕೂತ ಹಿಟ್ಟನ್ನು ಕೊಡವಿಕೊಂಡಳು. “ಹೇಳ್ತೀನಿ. ಅದಕ್ಕೆ ಮೊದಲು, ನನ್ನ ಪರ್ಸು ಕಳೆದಾಗ ನೀನು ಬರೆದ ಕೊನೇ ಮಾತು ಹೇಳು.”

“ಇಲ್ಲಿ ಬೇಡ ಅಕ್ಕಾ.”

“ಅಲ್ಲೂ ಬೇಡವಾಗಿತ್ತು.”

ಅವಳ ತುಟಿ ಅಲುಗಿತು. “ಕೇಳಿಸ್ತಿಲ್ಲ, ಜೋರಾಗಿ ಹೇಳು” ಎಂದಳು ಹಿರಿಯವಳು. ಓರಗಿತ್ತಿ ರೇಗಿ, ಗಿರಣಿಯ ಸದ್ದನ್ನು ಮೀರಿ ಕಿರುಚಿದಳು. ಮಾತಿನ ನಡುವೆಯೇ ಗಿರಣಿಯಮ್ಮ ಮೋಟಾರು ನಿಲ್ಲಿಸಿದಳು.

“ಯಾವಾಗ ಬಂದ್ರೂ ಸಿಗ್ತಾರೆ!”

ಮಾತು ಗೋಡೆಗೆ ಬಡಿದು ತಿರುಗಿ ಬಂತು. ಡಬ್ಬಗಳು, ತಲೆಗಳು, ಕಣ್ಣುಗಳು ಎಲ್ಲವೂ ಓರಗಿತ್ತಿಯ ಕಡೆ ತಿರುಗಿದವು. ಸಾಲಿನ ಕೊನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿಯವರೆಗೂ ರಕ್ತ ಏರಿತು.

“ಕೇಳೋಕೆ ಹೆಂಗಿದೆ?” ಎಂದಳು ಹಿರಿಯವಳು ಮೆಲ್ಲಗೆ. “ನಾನು ಇದನ್ನ ತಿಂಗಳುಗಟ್ಟಲೆ ಕೇಳಿದ್ದೀನಿ.”

ಆಮೇಲೆ ಗಿರಣಿಯಮ್ಮನ ಕಡೆ ತಿರುಗಿ, “ಹಿಂದಿನ ಎಡಗಾಲು. ಅಡಿಯಲ್ಲಿ ಎಲ್ಲ ಕಪ್ಪು, ಒಂದೇ ಒಂದು ಬೆರಳು ಗುಲಾಬಿ” ಎಂದಳು.

ಗಿರಣಿಯಮ್ಮ ಕಾಲೆತ್ತಿ ನೋಡಿ, ಬೆಕ್ಕನ್ನು ಹಿರಿಯವಳ ಕೈಗೇ ಕೊಟ್ಟಳು.

ದಾರಿಯುದ್ದಕ್ಕೂ ಅವಳು ಮುಂದೆ, ಓರಗಿತ್ತಿ ಖಾಲಿ ಕೈಯಲ್ಲಿ ಹಿಂದೆ. ಮೆಟ್ಟಿಲ ಬುಡದಲ್ಲಿ ಹಿರಿಯವಳು ನಿಂತು ಮಸಿಯನ್ನು ನೆಲಕ್ಕೆ ಬಿಟ್ಟಳು. ಅದು ಮೇಲೆ ನೋಡಿತು, ಒಳಗೆ ನೋಡಿತು, ತುಂಡುಬಟ್ಟೆಗಳ ಕಡೆ ನಡೆಯಿತು.

“ಅಕ್ಕಾ...”

“ಊಟದ ಹೊತ್ತಿಗೆ ಬರ್ತದೆ, ಹೋಗು.”

ಬಾಗಿಲು ಹಾಕಿಕೊಂಡು, ಗ್ರೂಪಿನಲ್ಲಿ ಒಂದೇ ಪದ ಬರೆದಳು: ‘ಸಿಕ್ಕಿತು.’ ಎಲ್ಲಿ, ಯಾರಿಗೆ, ಯಾವ ಮನೆಯಲ್ಲಿ ಎಂಬುದನ್ನು ಬರೆಯಲಿಲ್ಲ. ಅದು ಯಾರಿಗೂ ಬೇಕಿರಲಿಲ್ಲ.