ಹಳದಿ ಹೂವಿನ ಗರುಗ

ಆ ಮನೆಯ ಕೆಳಗಿನ ಹಜಾರವೇ ಸ್ಟುಡಿಯೋ. ಹದಿನೈದು ವರ್ಷಗಳಿಂದ ಅಲ್ಲಿ ಕ್ಯಾಮೆರಾ ಹಿಡಿದವಳು ಹಿರಿಸೊಸೆ. ಮನುಷ್ಯರ ಫೋಟೋ ಅವಳು ತೆಗೆಯುತ್ತಿರಲಿಲ್ಲ, ಸಾಮಾನುಗಳದ್ದು ಮಾತ್ರ. ಸೋಪು, ಚಪ್ಪಲಿ, ಪ್ರೆಶರ್ ಕುಕ್ಕರ್, ಏನೇ ಬಂದರೂ ಬಿಳಿ ಹಲಗೆಯ ಮೇಲೆ ಇಟ್ಟು, ಎರಡೂ ಕಡೆಯಿಂದ ದೀಪ ಬಿಟ್ಟು, ಮೇಲಿನ ಅಕ್ಷರ ಅಕ್ಷರವೂ ಓದಲು ಬರುವಂತೆ ತೆಗೆದುಕೊಡುತ್ತಿದ್ದಳು. ಗಿಡಮೂಲಿಕೆ ಎಣ್ಣೆ ಮಾಡುವ ಕಂಪನಿಯ ಯಜಮಾನರು ಅವಳ ಮೊದಲ ಗಿರಾಕಿ. ಅವಳ ಕೆಲಸದಲ್ಲಿ ಅವರು ಒಂದು ದಿನವೂ ಹುಳುಕು ಹುಡುಕಿರಲಿಲ್ಲ.

ಎರಡು ವರ್ಷದ ಹಿಂದೆ ಮೈದುನ ಮದುವೆಯಾದ. ಬಂದ ಓರಗಿತ್ತಿ ಮೊದಲು ಬಟ್ಟೆ ಅಂಗಡಿಯೊಂದರ ಗಾಜಿನ ಕಪಾಟುಗಳನ್ನು ಅಲಂಕರಿಸುತ್ತಿದ್ದವಳು. ಹಿರಿಸೊಸೆಯನ್ನು ಅಕ್ಕ ಎಂದು ಕರೆಯುತ್ತ, ಮನೆಯಲ್ಲಿ ಸುಮ್ಮನೆ ಕೂರಲಾರದೆ ಸ್ಟುಡಿಯೋಗೆ ಇಳಿದಳು. ಒಂದು ದಿನ ಎಣ್ಣೆ ಬಾಟಲಿಯ ಫೋಟೋ ನಡೆಯುತ್ತಿದ್ದಾಗ, ಅತ್ತೆಯ ಅಟ್ಟದಿಂದ ಹಳೆಯ ಹಿತ್ತಾಳೆ ಬೋಗುಣಿಯೊಂದನ್ನು ತಂದು ಬಾಟಲಿಯ ಪಕ್ಕಕ್ಕೆ ಇಟ್ಟಳು. ಹುಣಸೆಹಣ್ಣು ಹಾಕಿ ಉಜ್ಜಿದ್ದಳು, ಆದರೆ ಕಂಠದ ಗೆರೆಗಳಲ್ಲಿ ಕೂತಿದ್ದ ಕಪ್ಪನ್ನು ಬೇಕೆಂದೇ ಹಾಗೇ ಬಿಟ್ಟಿದ್ದಳು. ಎರಡೂ ದೀಪ ಆರಿಸಿ, ಕಿಟಕಿಗೆ ಬಟರ್ ಪೇಪರ್ ಅಂಟಿಸಿ, ಒಂದೇ ಮಗ್ಗುಲಿನಿಂದ ಬೆಳಕು ಬರುವಂತೆ ಮಾಡಿದಳು. ಅಕ್ಕ ಕ್ಲಿಕ್ ಮಾಡಿದಳು, ಅಷ್ಟೇ.

ಯಜಮಾನರು ಆ ಫೋಟೋವನ್ನು ಹತ್ತಿರ ಹಿಡಿದು ನೋಡಿದರು. ಆಮೇಲೆ, ಇದನ್ನು ನೋಡಿದರೆ ಎಣ್ಣೆ ಕಾಯಿಸಿದ ವಾಸನೆಯೇ ಮೂಗಿಗೆ ಬರುತ್ತದೆ, ಇಂಥ ನಂಬಿಕೆ ಹುಟ್ಟಿಸುವ ಚಿತ್ರ ಇಷ್ಟು ವರ್ಷ ಯಾಕೆ ಸಿಗಲಿಲ್ಲ ಎಂದು ಕೇಳಿದರು. ಆ ಪ್ರಶ್ನೆ ಅಕ್ಕನ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಅಂದಿನಿಂದ ಕಂಪನಿಯ ಫೋನು ಓರಗಿತ್ತಿಗೇ ಬರತೊಡಗಿತು. ಅತ್ತೆ ಬಂದವರೆದುರಿಗೆಲ್ಲ ಚಿಕ್ಕವಳ ಕೈಗುಣ ಹೊಗಳಿದರು. ಅಕ್ಕನ ಗಂಡ ಕೂಡ ಊಟದ ನಡುವೆ, ಅವಳ ಕಣ್ಣು ಸೂಕ್ಷ್ಮ ಅಲ್ವಾ ಅಂದ. ಅಕ್ಕ ಹೌದೆಂದು ತಲೆಯಾಡಿಸಿ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. ತನ್ನ ಕೆಲಸವನ್ನೂ ಯಾರಾದರೂ ನೋಡಬಾರದೇ ಅನಿಸಿತು. ಹಿತ್ತಾಳೆಯೆಂದರೆ ಕನ್ನಡಿಯೇ. ಎದುರಿಗಿದ್ದುದೆಲ್ಲ ಅದರಲ್ಲಿ ಮೂಡುತ್ತದೆ. ಆ ನೆರಳು ಫೋಟೋದಲ್ಲಿ ಬರಬಾರದೆಂದು ಅಕ್ಕ ಕ್ಯಾಮೆರಾದ ಮುಂದೆ ಕಪ್ಪು ಬಟ್ಟೆ ಇಳಿಬಿಟ್ಟು, ಅದರ ತೂತಿನಿಂದ ಲೆನ್ಸ್ ಹೊರಚಾಚಿ ತೆಗೆಯುತ್ತಿದ್ದಳು. ಬಾಟಲಿಯ ಬೆನ್ನಿಗೆ ಬೆಳ್ಳಿ ಕಾಗದ ಕತ್ತರಿಸಿಟ್ಟು ಎಣ್ಣೆ ಜೇನಿನಂತೆ ಹೊಳೆಯುವ ಹಾಗೆ ಮಾಡುತ್ತಿದ್ದವಳೂ ಅವಳೇ. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಕಂಡದ್ದು ಬೋಗುಣಿ, ಅದರ ಸುತ್ತ ಜೋಡಿಸಿದ ಎಲೆ, ಓರಗಿತ್ತಿ.

ಈ ವರ್ಷ ಕಂಪನಿ ಕೂದಲಿಗೆ ಹಚ್ಚುವ ಗರುಗದ, ಅಂದರೆ ಭೃಂಗರಾಜದ, ಎಣ್ಣೆಗೆ ಹೊಸ ಪೆಟ್ಟಿಗೆ ಮಾಡಲು ಹೊರಟಿತು. ಪೆಟ್ಟಿಗೆಯ ಮೇಲೆ ಬಾಟಲಿ, ಬೋಗುಣಿ ತುಂಬ ಎಣ್ಣೆ, ಸುತ್ತ ತಾಜಾ ಗರುಗದ ಸೊಪ್ಪು ಬರಬೇಕು. ನರ್ಸರಿಯವನು ಬೆಳಿಗ್ಗೆಯೇ ಎರಡು ಬುಟ್ಟಿ ಸೊಪ್ಪು ತಂದಿಟ್ಟ. ಓರಗಿತ್ತಿ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಂದೊಂದೇ ಕುಡಿ ಬಿಡಿಸಿದಳು. ಎಲೆ ದಪ್ಪ, ಹೊಳಪು. ನಡುನಡುವೆ ಹಳದಿ ಹೂವು. ಹಿತ್ತಾಳೆಯ ಬಣ್ಣಕ್ಕೆ ಹೇಳಿ ಮಾಡಿಸಿದಂತಿತ್ತು.

ಅಕ್ಕ ಒಂದು ಕುಡಿಯನ್ನು ಬೆರಳಲ್ಲಿ ಹಿಡಿದಳು. ಹಿಡಿದ ಕೂಡಲೇ ಗೊತ್ತಾಯಿತು. ಅವಳ ತವರಿನಲ್ಲಿ ತಾಯಿ ತಿಂಗಳಿಗೊಮ್ಮೆ ಗರುಗದ ಎಣ್ಣೆ ಕಾಯಿಸುತ್ತಿದ್ದರು. ಸೊಪ್ಪು ಕೀಳುವ ಕೆಲಸ ಇವಳದು. ಗರುಗದ ಎಲೆ ಸಣ್ಣ, ಕೈಗೆ ತರಿತರಿ. ಹೂವು ಬಿಳಿ, ಅಂಗಿಯ ಗುಂಡಿಯಷ್ಟು ಚಿಕ್ಕದು. ದಂಟು ಜಜ್ಜಿದರೆ ರಸ ನೋಡುನೋಡುತ್ತಲೇ ಕಪ್ಪಾಗುತ್ತದೆ. ಅವಳು ದಂಟನ್ನು ಉಗುರಿನಿಂದ ಚಿವುಟಿ ಸ್ವಲ್ಪ ಹೊತ್ತು ನೋಡಿದಳು. ಹಸಿರು ಹಸಿರಾಗಿಯೇ ಉಳಿಯಿತು.

"ಅಕ್ಕಾ, ಇದು ಗರುಗಾನೇ ಅಲ್ವಾ?" ಓರಗಿತ್ತಿ ತಲೆ ಎತ್ತದೆಯೇ ಕೇಳಿದಳು.

"ನರ್ಸರಿಯವನೇ ಹೇಳಿದ್ಮೇಲೆ ನನ್ನನ್ನೇನು ಕೇಳ್ತೀಯ?" ಅಂದಳು ಅಕ್ಕ.

ಓರಗಿತ್ತಿ ನಕ್ಕು ಕೆಲಸ ಮುಂದುವರಿಸಿದಳು. ನೀರಿಗೆ ಗ್ಲಿಸರಿನ್ ಬೆರೆಸಿ, ಹನಿ ಜಾರದಂತೆ ಎಲೆಗಳ ಮೇಲೆ ಚಿಮುಕಿಸಿದಳು. ಅಕ್ಕ ಕಪ್ಪು ಬಟ್ಟೆಯ ಹಿಂದೆ ನಿಂತು, ಆ ದಿನ ಹಿಂದೆಂದೂ ತೆಗೆಯದಷ್ಟು ಚೆನ್ನಾಗಿ ತೆಗೆದಳು. ಎಣ್ಣೆಯ ಅಂಚಿನಲ್ಲಿ ಬೆಳಕು ಎಳೆಯಾಗಿ ನಿಲ್ಲುವವರೆಗೆ ಬಿಡಲಿಲ್ಲ. ಚಿತ್ರ ಎಷ್ಟು ಚೆನ್ನಾಗಿ ಬಂದರೆ ಅಷ್ಟು ಜನ ನೋಡುತ್ತಾರೆ, ಎಷ್ಟು ಜನ ನೋಡಿದರೆ ಓರಗಿತ್ತಿ ಅಷ್ಟು ನಗೆಪಾಟಲು ಎಂಬ ಲೆಕ್ಕಾಚಾರ ಮನಸ್ಸಿನಲ್ಲಿ ನಡೆದಿತ್ತು. ಅವಳಿಗೆ ನಾಚಿಕೆಯೂ ಆಯಿತು. ಆದರೆ ಬಾಯಿ ತೆರೆಯಲಿಲ್ಲ.

ವಾರದ ನಂತರ ಪೆಟ್ಟಿಗೆಯ ಮಾದರಿ ಅಚ್ಚಾಗಿ ಬಂತು. ಪೂರ್ತಿ ಅಚ್ಚಿಗೆ ಹೋಗುವ ಮುನ್ನ ಕಂಪನಿಯ ವಯಸ್ಸಾದ ಪಂಡಿತರು ನೋಡಿ ಒಪ್ಪಬೇಕು. ಎಣ್ಣೆಯ ಪಾಕ ಅವರದೇ. ಯಜಮಾನರು ಇಬ್ಬರು ಸೊಸೆಯರನ್ನೂ ಕಚೇರಿಗೆ ಕರೆಸಿದರು. ಪಂಡಿತರು ಪೆಟ್ಟಿಗೆಯನ್ನು ಕಿಟಕಿಯ ಬಳಿ ಹಿಡಿದು, ಕನ್ನಡಕ ಮೇಲೇರಿಸಿ ನೋಡಿದರು.

"ಇದು ತೋಟದ ಅಂದಕ್ಕೆ ಹಬ್ಬಿಸೋ ಬಳ್ಳಿ. ಎಣ್ಣೆ ಒಳಗಿರೋದು ಒಂದು ಗಿಡ, ಪೆಟ್ಟಿಗೆ ಮೇಲಿರೋದು ಇನ್ನೊಂದು. ಯಾರಾದ್ರೂ ಇದನ್ನ ನೋಡಿ ಇದೇ ಬಳ್ಳಿ ಕಿತ್ತು ಅರೆದು ಹಚ್ಕೊಂಡ್ರೆ?"

ಯಜಮಾನರ ಮುಖ ಕಪ್ಪಿಟ್ಟಿತು. ಸೊಪ್ಪು ಆರಿಸಿದವರು ಯಾರೆಂದು ಕೇಳಿದರು. ಓರಗಿತ್ತಿ ತಾನೇ ಎಂದಳು. ಅಕ್ಕ ಇಷ್ಟು ದಿನ ಕಾದಿದ್ದ ಗಳಿಗೆ ಅದೇ. ಆದರೆ ಅಂದುಕೊಂಡಷ್ಟು ಸಿಹಿ ಅನಿಸಲಿಲ್ಲ. ಯಜಮಾನರು ಅಕ್ಕನ ಕಡೆ ತಿರುಗಿ, ಇಷ್ಟು ವರ್ಷದ ಅನುಭವ ಇದ್ದೂ ನಿಮಗೆ ತಿಳಿಯಲಿಲ್ಲವೇ ಎಂದರು.

ಉತ್ತರ ಕೊಟ್ಟವಳು ಓರಗಿತ್ತಿ.

"ಅಕ್ಕನಿಗೆ ಹೇಗೆ ತಿಳಿಯತ್ತೆ ಸಾರ್? ತಿಳಿದಿದ್ರೆ ನಾನು ಕೇಳಿದಾಗಲೇ ಹೇಳ್ತಿದ್ರು."

ಅವಳು ಚುಚ್ಚಲು ಹೇಳಿದ್ದಲ್ಲ. ಅವಳ ಮುಖ ನೋಡಿದರೇ ತಿಳಿಯುತ್ತಿತ್ತು, ಮನಸಾರೆ ನಂಬಿ ಹೇಳಿದ್ದಳು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಅಕ್ಕನಿಗೆ ಸುಮ್ಮನಿರಲು ಆಗಲಿಲ್ಲ.

"ನನಗೆ ಗೊತ್ತಿತ್ತು," ಅಂದಳು. "ಕೈಯಲ್ಲಿ ಹಿಡಿದಾಗಲೇ ಗೊತ್ತಾಯ್ತು. ಹೇಳಲಿಲ್ಲ."

ಪಂಡಿತರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಂಡರು. ಯಜಮಾನರು, ನಾಳೆಯೇ ಇನ್ನೊಮ್ಮೆ ತೆಗೆಯಿರಿ, ಸೊಪ್ಪು ನಮ್ಮ ಕಾರ್ಖಾನೆಯಿಂದ ಬರುತ್ತದೆ ಎಂದಷ್ಟೇ ಹೇಳಿ ಎದ್ದರು. ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕವೇ ಕೂತಿದ್ದರು. ಇಳಿಯುವ ಜಾಗ ಹತ್ತಿರ ಬಂದಾಗ ಓರಗಿತ್ತಿ ಕೇಳಿದಳು.

"ನಾನು ನಿಮಗೇನು ಮಾಡಿದ್ದೆ ಅಕ್ಕಾ?"

"ನೀನೇನೂ ಮಾಡಿಲ್ಲ. ಎಲ್ರೂ ನಿನ್ನನ್ನೇ ಹೊಗಳ್ತಾರೆ. ನನಗದು ತಡ್ಕೊಳ್ಳೋಕಾಗ್ಲಿಲ್ಲ."

ಹೀಗೆ ನೇರವಾಗಿ ಹೇಳಿಬಿಡುವಳೆಂದು ಓರಗಿತ್ತಿ ಎಣಿಸಿರಲಿಲ್ಲ. ಅವಳು ಚೀಲ ಹೆಗಲಿಗೇರಿಸಿ ಮುಂದೆ ಇಳಿದಳು.

ಮರುದಿನ ಬಂದ ಗರುಗ ನೋಡಲು ತೀರಾ ಸಪ್ಪೆ. ಸಣಕಲು ದಂಟು, ಮಾಸಲು ಹಸಿರು, ಚಿಕ್ಕ ಬಿಳಿ ಹೂವು. ದೀಪದ ಕೆಳಗೆ ಹತ್ತು ನಿಮಿಷಕ್ಕೆ ಬಾಡುತ್ತಿತ್ತು. ಓರಗಿತ್ತಿ ಬೋಗುಣಿಯನ್ನು ಹಿಂದಕ್ಕೆ ಸರಿಸಿ ಸೊಪ್ಪನ್ನೇ ಮುಂದೆ ತಂದಳು. ಅಕ್ಕ ಬೆಳಕನ್ನು ತಗ್ಗಿಸಿ, ಎಲೆಯ ತರಿ ಎದ್ದು ಕಾಣುವಂತೆ ಬದಿಯಿಂದ ಬಿಟ್ಟಳು. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಆ ಚಿತ್ರವನ್ನು ಪಂಡಿತರು ಒಪ್ಪಿದರು, ಪೆಟ್ಟಿಗೆ ಅಚ್ಚಾಯಿತು. ಯಜಮಾನರು ಈ ಸಲ ಇಬ್ಬರಲ್ಲಿ ಯಾರನ್ನೂ ಹೊಗಳಲಿಲ್ಲ.

ಓರಗಿತ್ತಿ ಸ್ಟುಡಿಯೋ ಬಿಡಲಿಲ್ಲ. ಮನೆಯಲ್ಲಿ ಯಾರ ಕಿವಿಗೂ ವಿಷಯ ಹಾಕಲಿಲ್ಲ. ಆದರೆ ಎಲೆ, ಬೇರು, ಕಾಯಿ ಏನೇ ಬಂದರೂ ಈಗ ಮೂಲೆಗೆ ಹೋಗಿ ಪಂಡಿತರಿಗೆ ಫೋನ್ ಮಾಡುತ್ತಾಳೆ. ಇದರ ಹೂವು ಹೇಗಿರತ್ತೆ, ವಾಸನೆ ಹೇಗೆ, ಅಂತ ಒಂದೊಂದಾಗಿ ಕೇಳುತ್ತಾಳೆ. ಅವರೇನೋ ಅಂದದ್ದಕ್ಕೆ ನಗುತ್ತಾಳೆ. ಅಕ್ಕ ಕಪ್ಪು ಬಟ್ಟೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ. ಆ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಅವಳಿಗೆ ಗೊತ್ತು, ಆದರೆ ಓರಗಿತ್ತಿ ಅವಳನ್ನು ಕೇಳುವುದಿಲ್ಲ. ಈಗ ಅವಳಿಗೆ ಹೊಟ್ಟೆಕಿಚ್ಚು ಆ ಮುದುಕರ ಮೇಲೆ.