ಉಳದ ಗದ್ದೆ

ಎಂಟನೆಯ ದಿನ ಬೆಳಿಗ್ಗೆ ಸುಂದರಿ ಗದ್ದೆಗೆ ಇಳಿದಾಗ ಹುಲ್ಲಿನ ಮೇಲೆ ಒಂದೇ ಒಂದು ಹಸಿರು ಎಲೆಯೂ ಕಾಣಲಿಲ್ಲ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲು ಮುಗಿದು, ಗದ್ದೆಯನ್ನು ಉಳದೆ, ಕೂಳೆಯ ನಡುವೆ ಕೋಲು ಊರಿ, ತೂತಿಗೆ ಎರಡೆರಡರಂತೆ ಉದ್ದಿನ ಕಾಳು ಹಾಕಿ, ಮೇಲೆ ಬೈಹುಲ್ಲು ಹರವಿದ್ದಳು. ಕೆಲಸದ ತುಕ್ರನ ಜೊತೆ ಮೂರು ದಿನ ಸೊಂಟ ಬಗ್ಗಿಸಿ ಮಾಡಿದ ಕೆಲಸ ಅದು. ಉದ್ದು ಐದಾರು ದಿನಕ್ಕೆ ತಲೆ ಎತ್ತಬೇಕು. ಎತ್ತಿರಲಿಲ್ಲ.

ಮಂಗಳೂರಿನ ಅಂಚಿಗೆ, ಕಣ್ಣೂರಿನಲ್ಲಿ ನೇತ್ರಾವತಿಯ ಹತ್ತಿರ ಇರುವ ಆ ಗದ್ದೆ ಸುಂದರಿಗೂ ತಮ್ಮ ಚಿತ್ತರಂಜನನಿಗೂ ಸೇರಿ ಬಂದದ್ದು. ಅಕ್ಕನ ಹೊಸ ಹುಚ್ಚಿಗೆ ತಮ್ಮ ಒಂದು ವಾರದ ಗಡುವು ಕೊಟ್ಟಿದ್ದ. ಎಂಟನೆಯ ದಿನ ಮೊಳಕೆ ಕಾಣದಿದ್ದರೆ ಟಿಲ್ಲರ್ ಇಳಿಸಿ ಉತ್ತು, ತಾನೇ ಬಿತ್ತುವುದಾಗಿ ಹೇಳಿದ್ದ. ತಡವಾದರೆ ಮಣ್ಣಿನ ಪಸೆ ಆರಿಹೋಗುತ್ತದೆ. ಉದ್ದು ಆ ಪಸೆಯನ್ನೇ ನಂಬಿ ಬೆಳೆಯುವ ಬೆಳೆ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಎರಡು ವರ್ಷದ ಹಿಂದೆ ಇದೇ ಗದ್ದೆಯಲ್ಲಿ ಅವಳು ಒಮ್ಮೆ ಸೋತಿದ್ದಳು. ಕೃಷಿ ಇಲಾಖೆಯ ಡೈಸಿ ಮೇಡಂ ಉಳದೆ ಬಿತ್ತಬಹುದು ಎಂದಾಗ ಸುಂದರಿ ಹಾಗೇ ಮಾಡಿದ್ದಳು. ಆದರೆ ಹುಲ್ಲನ್ನೆಲ್ಲ ಎರಡು ಹಸುಗಳಿಗೆಂದು ಹೊತ್ತು ತಂದಿದ್ದಳು. ಬೋಳು ನೆಲ ಬಿಸಿಲಿಗೆ ಬಿರುಕು ಬಿಟ್ಟಿತು, ಕಳೆ ಮೊಣಕಾಲೆತ್ತರ ಬೆಳೆಯಿತು, ಉದ್ದು ಸತ್ತಿತು. ಪಕ್ಕದ ಗದ್ದೆಯ ಮೋಹನದಾಸ್ ಆಗ ನಕ್ಕು ಹೇಳಿದ ಮಾತು, ಉಳದ ಗದ್ದೆ ಎಂದರೆ ಸೋಮಾರಿಯ ಮನೆ ಎಂಬುದು, ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಅವಳ ತಾಯಿಯೂ ಗದ್ದೆಯ ಅಂದವನ್ನು ನೇಗಿಲ ಸಾಲಿನಲ್ಲೇ ಅಳೆದವಳು.

ಈ ಸಲ ಕಟಾವು ಯಂತ್ರದವನಿಗೆ ಹೇಳಿ ಕೂಳೆಯನ್ನು ಎತ್ತರಕ್ಕೆ ಬಿಡಿಸಿದ್ದಳು. ಹುಲ್ಲಿನಲ್ಲಿ ಅರ್ಧ ಹಸುಗಳಿಗೆ, ಅರ್ಧ ಮಣ್ಣಿಗೆ. ಹಸುಗಳು ಅದನ್ನು ಒಪ್ಪಿರಲಿಲ್ಲ. ಸಂಜೆಯಾದರೆ ಖಾಲಿ ಬೋಗುಣಿಯನ್ನು ಮೂಗಿನಿಂದ ದೂಡುತ್ತಿದ್ದವು.

ರಸ್ತೆಯಿಂದ ಟಿಲ್ಲರಿನ ಸದ್ದು ಕೇಳಿತು. ಚಿತ್ತರಂಜನ ಗದ್ದೆಗೆ ಇಳಿಯುವ ಕಡವಿಗೆ ಬಂದು ಯಂತ್ರ ನಿಲ್ಲಿಸಿದ. ಹಿಂದೆಯೇ ಮೋಹನದಾಸ್ ಬಂದು ಗದ್ದೆಯಂಚಿನ ಹುಣಿಯ ಮೇಲೆ ಕೈಕಟ್ಟಿ ನಿಂತ. ಡೈಸಿ ಮೇಡಂಗೆ ಸುಂದರಿ ಆಗಲೇ ಫೋನು ಮಾಡಿದ್ದಳು. ಬಿಕರ್ನಕಟ್ಟೆಯಿಂದ ಸ್ಕೂಟರಿನಲ್ಲಿ ಹೊರಟಿದ್ದೇನೆ ಎಂದಿದ್ದರು. ಇನ್ನೂ ತಲುಪಿರಲಿಲ್ಲ.

"ಅಕ್ಕ, ಬದಿಗೆ ನಿಲ್ಲು. ಎಂಟು ದಿನ ಆಯ್ತು. ಎಂತ ಉಂಟು ಇದರಲ್ಲಿ?" ಎಂದ ಚಿತ್ತರಂಜನ.

ಅವನು ಮತ್ತೆ ಯಂತ್ರ ಚಾಲು ಮಾಡಿದ. ಸುಂದರಿ ಬದಿಗೆ ಸರಿಯಲಿಲ್ಲ. ಕಡವಿನ ಮುಂದೆಯೇ ಮಂಡಿಯೂರಿ ಕುಳಿತು ಎರಡೂ ಕೈಯಿಂದ ಹುಲ್ಲನ್ನು ಬಗೆದಳು. ಯಂತ್ರ ಅವಳ ಬೆನ್ನಿನಿಂದ ಮೂರು ಮಾರು ದೂರದಲ್ಲಿ ಗುಡುಗುತ್ತಿತ್ತು. ಕಟಾವು ಯಂತ್ರ ಸಾಲಾಗಿ ಚೆಲ್ಲಿದ್ದ ಹುಲ್ಲನ್ನು ಅಲ್ಲಿ ಅವಳು ಸರಿಯಾಗಿ ಹರವಿರಲಿಲ್ಲ. ಅದು ಚಾಪೆಯಂತೆ ದಪ್ಪಗೆ ಬಿದ್ದಿತ್ತು. ಕೆಳಗಿನ ಪದರ ಎತ್ತಿದಾಗ ಬೆರಳಿಗೆ ತಂಪು ತಾಗಿತು. ಅಲ್ಲಿ ಮೊಳಕೆಗಳಿದ್ದವು. ಬಿಳಿಚಿಕೊಂಡು, ದಾರದಂತೆ ಸಣ್ಣಗಾಗಿ, ಬೆಳಕು ಸಿಗದೆ ಹುಲ್ಲಿನೊಳಗೇ ಸುತ್ತಿಕೊಂಡಿದ್ದವು.

ಅವಳು ಓಡಿ ನಾಲ್ಕು ಕಡೆ ಬಗೆದು ನೋಡಿದಳು. ಹುಲ್ಲು ತೆಳ್ಳಗೆ ಬಿದ್ದಲ್ಲಿ ಮೊಳಕೆಗಳು ಕೂಳೆಯ ಮರೆಯಲ್ಲಿ ನೆಟ್ಟಗೆ ನಿಂತಿದ್ದವು. ಇನ್ನೊಂದು ದಿನದಲ್ಲಿ ಮೇಲೆ ಬರುವಂತಿದ್ದವು. ಕೆಳಗಿನ ಭಾಗದಲ್ಲಿ ಬೀಡಾಡಿ ದನಗಳು ಹುಲ್ಲನ್ನೆಲ್ಲ ತಿಂದುಹಾಕಿದ್ದವು. ಅಲ್ಲಿ ಮಣ್ಣು ಗಟ್ಟಿಯಾಗಿ, ಕಾಳು ಉಬ್ಬದೆ ಹಾಗೇ ಬಿದ್ದಿತ್ತು.

"ನಿಲ್ಲಿಸು ಮಾರಾಯ, ಬಂದು ಮುಟ್ಟಿ ನೋಡು," ಎಂದಳು.

ಅಷ್ಟರಲ್ಲಿ ಡೈಸಿ ಮೇಡಂ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಗದ್ದೆಗೆ ಇಳಿದರು. ದಪ್ಪ ಹುಲ್ಲನ್ನು ನೋಡಿದ ಕೂಡಲೇ ಅವರ ಮುಖ ಇಳಿಯಿತು. ಈಗಲೇ ಕೈಯಾಡಿಸಿ ತೆಳುಮಾಡಬೇಕು, ಇವತ್ತು ಬಿಟ್ಟರೆ ಒಳಗಿನ ಮೊಳಕೆ ಕೊಳೆಯುತ್ತದೆ ಎಂದರು. ಆಮೇಲೆ ಚಿತ್ತರಂಜನನ ಕಡೆ ತಿರುಗಿ, ಎರಡು ವರ್ಷದ ಹಿಂದಿನ ಸೋಲು ತನ್ನದು ಎಂದು ಒಪ್ಪಿಕೊಂಡರು.

"ಉಳಬೇಡಿ ಅಂತ ಮಾತ್ರ ಹೇಳಿದೆ. ಗದ್ದೆಯಲ್ಲಿ ಹುಲ್ಲು ಉಳಿಸದೆ ಉಳುಮೆ ಒಂದನ್ನೇ ಬಿಟ್ಟರೆ ಕಳೆಗೆ ಹಬ್ಬ, ನೆಲ ಗಟ್ಟಿ. ಉಳುಮೆ ಕಡಿಮೆ ಮಾಡ್ಬೇಕು, ನೆಲ ಮುಚ್ಚಿರ್ಬೇಕು, ಭತ್ತದ ನಂತರ ಬೇರೆ ಬೆಳೆ ಬರ್ಬೇಕು. ಮೂರೂ ಒಟ್ಟಿಗೆ ಇದ್ರೆ ಮಾತ್ರ ಉಂಟು ಪ್ರಯೋಜನ. ಅದೂ ಮೊದಲ ವರ್ಷವೇ ಕಾಣ್ತದೆ ಅಂತ ನಾನು ಹೇಳುವುದಿಲ್ಲ."

ಚಿತ್ತರಂಜನ ಟಿಲ್ಲರ್ ನಿಲ್ಲಿಸಿದ. ಆದರೆ ಅವನ ಸಿಟ್ಟು ಇಳಿಯಲಿಲ್ಲ. ಮೋಹನದಾಸನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಅಕ್ಕನಿಗೆ ಹೇಳಿದ:

"ಈ ಊರಿನ ಗದ್ದೆಗಳನ್ನು ಉಳುವವ ನಾನು. ನಮ್ಮದೇ ಗದ್ದೆಗೆ ಟಿಲ್ಲರ್ ಇಳಿಯದಿದ್ರೆ ನಾಳೆ ನನ್ನನ್ನು ಯಾರು ಕರೀತಾರೆ?"

ಇಷ್ಟು ದಿನ ಅವನು ಮಣ್ಣಿನ ಮಾತು, ಮೊಳಕೆಯ ಮಾತು ಆಡುತ್ತಿದ್ದ; ಅವನ ನಿಜವಾದ ಹೆದರಿಕೆ ಇಲ್ಲಿತ್ತು. ಅದನ್ನು ಸುಳ್ಳೆನ್ನಲು ಸುಂದರಿಯಿಂದ ಆಗಲಿಲ್ಲ. ದನ ತಿಂದ ಕೆಳಗಿನ ಅರ್ಧವನ್ನು ಅವನು ಉತ್ತು ಬಿತ್ತಲಿ, ಮೇಲಿನ ಅರ್ಧವನ್ನು ಮುಟ್ಟುವುದು ಬೇಡ ಎಂದಳು. ಅವನು ಟಿಲ್ಲರನ್ನು ಹುಣಿಯ ಬದಿಯಿಂದ ಕೆಳಗಿಳಿಸಿದ.

ಆ ದಿನವಿಡೀ ಸುಂದರಿ, ಡೈಸಿ ಮೇಡಂ, ತುಕ್ರ ಮೂವರೂ ಕುಕ್ಕರುಗಾಲಲ್ಲಿ ಕೂತು ಹುಲ್ಲು ತೆಳುಮಾಡಿದರು. ಮೂರನೆಯ ದಿನಕ್ಕೆ ಮೇಲಿನ ಅರ್ಧ ಹಸಿರಾಯಿತು, ಅಲ್ಲಲ್ಲಿ ಬೋಳು ಬಿಟ್ಟುಕೊಂಡು. ಚಿತ್ತರಂಜನನ ಅರ್ಧದಲ್ಲಿ ಉದ್ದು ಸಾಲು ತಪ್ಪದೆ ಎದ್ದಿತು. ಹುಣಿಯ ಮೇಲೆ ಹೋಗುವವರೆಲ್ಲ ಅದನ್ನೇ ನೋಡಿ ತಲೆದೂಗಿದರು. ಅವಳ ಭಾಗದಲ್ಲಿ ಕಳೆಯೂ ಎದ್ದಿತು. ಎರಡು ಸಲ ಕೈಯಿಂದಲೇ ಕಿತ್ತಳು. ಡಿಸೆಂಬರಿನ ಎಷ್ಟೋ ಬೆಳಿಗ್ಗೆ ಅವಳಿಗೆ, ತಮ್ಮ ಹೇಳಿದ್ದನ್ನು ಕೇಳಬೇಕಿತ್ತು ಎನ್ನಿಸಿತು.

ಜನವರಿಯಲ್ಲಿ ಗಾಳಿ ಒಣಗಿತು. ಉತ್ತ ಭಾಗದ ಪಸೆ ಬೇಗ ಆರಿ, ಮಧ್ಯಾಹ್ನವಾದರೆ ಅಲ್ಲಿನ ಎಲೆಗಳು ಬಾಡಿ ಜೋತುಬೀಳುತ್ತಿದ್ದವು. ಹುಲ್ಲಿನಡಿಯ ಮಣ್ಣಿಗೆ ಬೆರಳು ಹಾಕಿದರೆ ಇನ್ನೂ ತಂಪಿತ್ತು. ಕಾಯಿ ಕಟ್ಟುವ ಹೊತ್ತಿಗೂ ಗಿಡಗಳು ತಲೆ ಬಗ್ಗಿಸಲಿಲ್ಲ. ಕಿತ್ತು ಒಣಗಿಸಿ ಬಡಿದಾಗ ಸುಂದರಿಯ ಪಾಲು ತಮ್ಮನದಕ್ಕಿಂತ ಹತ್ತು ಸೇರು ಹೆಚ್ಚಾಯಿತು. ಊರೆಲ್ಲ ಮಾತಾಡುವಷ್ಟೇನೂ ಅಲ್ಲ. ಚಿತ್ತರಂಜನ ರಾಶಿ ನೋಡಿದ, ಒಂದು ಹಿಡಿ ಉದ್ದು ಎತ್ತಿ ಊದಿದ. ಬರುವ ವರ್ಷ ಮೇಲಿನ ಅರ್ಧ ಹಾಗೇ ಇರಲಿ ಎಂದ. ಕೆಳಗಿನ ಅರ್ಧದ ಮಾತು ಎತ್ತಲಿಲ್ಲ. ಮಳೆಗಾಲಕ್ಕೆ ಭತ್ತದ ಗದ್ದೆಯನ್ನೂ ಕೆಸರು ಮಾಡದೆ ಬಿತ್ತೋಣವೇ ಎಂದು ಅವಳು ಕೇಳಿದ್ದಕ್ಕೆ, ಅದೊಂದು ಮಾತ್ರ ಬೇಡ ಎಂದ. ಅವಳು ಒತ್ತಾಯಿಸಲಿಲ್ಲ.

ಆ ವಾರವೇ ಒಂದು ಸಂಜೆ ಮೋಹನದಾಸ್ ದನದ ಹಟ್ಟಿಯ ಹಿಂಬದಿಯಿಂದ, ರಸ್ತೆಯವರಿಗೆ ಕಾಣದ ಹಾಗೆ ಬಂದ. ಸುಂದರಿ ಹಸುಗಳಿಗೆ ಹಸಿಹುಲ್ಲು ಹಾಕುತ್ತಿದ್ದಳು. ಅವನು, ಕಳೆಗೆ ಎಂತ ಮಾಡಿದ್ದು ಎಂದು ಕೇಳಿದ. ಅವನೇ ಹಿಂದೆ ಆಡಿದ್ದ ಸೋಮಾರಿಯ ಮಾತು ಸುಂದರಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ನುಂಗಿಕೊಂಡಳು. ಎರಡು ಸಲ ಕಿತ್ತದ್ದು, ಸೊಂಟ ನೋವಾದದ್ದು, ಹಸುಗಳಿಗೆ ಹುಲ್ಲು ಸಾಲದೆ ಹೊಳೆಯ ಬದಿಯಿಂದ ಹಸಿಹುಲ್ಲು ಕೊಯ್ದು ತಂದದ್ದು, ಒಂದನ್ನೂ ಮುಚ್ಚಿಡದೆ ಹೇಳಿದಳು.

"ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ," ಎಂದಳು. "ಹುಲ್ಲು ದಪ್ಪ ಬೀಳದ ಹಾಗೆ ಹರವಲಿಕ್ಕೆ ನಾನು ಬರ್ತೇನೆ."

ಮೋಹನದಾಸ್ ಬಂದ ದಾರಿಯಲ್ಲೇ ಹಿಂತಿರುಗಿ ಹೋಗುವಾಗ ಅವಳ ಗದ್ದೆಯ ಹತ್ತಿರ ನಿಂತ. ಬಗ್ಗಿ ಹಳೆಯ ಹುಲ್ಲನ್ನು ಸ್ವಲ್ಪ ಸರಿಸಿ, ಮಣ್ಣಿಗೆ ಅಂಗೈ ಒತ್ತಿ ತುಂಬ ಹೊತ್ತು ಹಾಗೇ ಕೂತ.