ಗ್ರಾಹಕರಿಗೆ ನಷ್ಟ ಇಲ್ಲ

ಹೊಸ ಸಾಫ್ಟ್‌ವೇರ್ ಹಾಕಿದ ದಿನ ನಮ್ಮ ಸಹಕಾರಿ ಬ್ಯಾಂಕಿನಿಂದ ಹೋದ ಹಣವೆಲ್ಲ ಸೇರಬೇಕಾದವರ ಬದಲು ಪಟ್ಟಿಯಲ್ಲಿ ಒಂದು ಸಾಲು ಕೆಳಗಿದ್ದವರ ಖಾತೆಗೆ ಬಿತ್ತು. ಯಾವ ಪುಣ್ಯಾತ್ಮನೂ ಮೊದಲೇ ಪರೀಕ್ಷಿಸಿ ನೋಡಿರಲಿಲ್ಲ. ಮೂರನೇ ದಿನ ಹಣ ವಾಪಸಾಯಿತು. ಆಂತರಿಕ ಲೆಕ್ಕಪರಿಶೋಧಕಿಯಾದ ನಾನು ವರದಿ ಬರೆದೆ: ನಲವತ್ತೊಂದು ಖಾತೆ, ಒಂಬತ್ತು ಲಕ್ಷ ರೂಪಾಯಿ.

"ಗ್ರಾಹಕರಿಗೆ ನಷ್ಟ ಇಲ್ಲ ಅಂತ ಸೇರಿಸಿ ಮೇಡಂ," ಎಂದರು ಮೂಡುಬಿದಿರೆ ಶಾಖೆಯ ಮ್ಯಾನೇಜರ್ ಸಮ್ಮೇದ್.

"ಕೇಳದೆ ಸೇರಿಸುವುದಿಲ್ಲ," ಎಂದು ಸಿಡುಕಿ, ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿದೆ.

ಶಿರ್ತಾಡಿಯ ಸ್ವರ್ಣಲತಾ ಗಂಡನ ಆಪರೇಷನ್ನಿಗೆಂದು ಆಸ್ಪತ್ರೆಗೆ ಕಳಿಸಿದ್ದ ಎಂಬತ್ತು ಸಾವಿರ ಯಾರೋ ರಬ್ಬರ್ ವ್ಯಾಪಾರಿಯ ಖಾತೆಗೆ ಹೋಗಿತ್ತು.

"ನಿಮ್ಮ ಹಣ ಪೂರ್ತಿ ವಾಪಸ್ ಬಂತಾ ಅಕ್ಕ?"

"ಬಂತು ಮೇಡಂ, ಒಂದು ರೂಪಾಯಿಯೂ ಕಮ್ಮಿ ಇಲ್ಲ. ಅವರ ಉತ್ತರಕ್ರಿಯೆಗೆ ಆಯ್ತು."